ಬೇಸಿಗೆಯಲ್ಲಿ 200 ಯೂನಿಟ್ ದಾಟದ ಹಾಗೆ ನೋಡಿಕೊಳ್ಳುವ ಲೆಕ್ಕ

“ಅಕ್ಕಾ, ಕರೆಂಟ್ ಫ್ರೀ ಅಂತಾರ, ಆದ್ರೂ ಬ್ಯಾಸಗಿ ಬಂತಂದ್ರ ನಮಗ ಸಾವಿರದ ಮ್ಯಾಲೆ ಬಿಲ್ ಬರ್ತದ. ನಿಮ್ಮನ್ಯಾಗ ಹ್ಯಾಂಗ ಕಮ್ಮಿ ಮಾಡೀರಿ? ನೀರು, ಫೋನಿನ ಖರ್ಚೂ ಹೇಳ್ರಿ.”

ಮೊದಲು ನಿಮ್ಮ ಹಳೇ ಬಿಲ್ ಒಂದನ್ನು ಕೈಯಲ್ಲಿ ಹಿಡಿಯಿರಿ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದರೆ ಬರುವುದೇ ನಿಮ್ಮ ಉಚಿತ ಪಾಲು. ನಮ್ಮ ಮನೆಯ ಸರಾಸರಿ 130 ಇತ್ತು, ಹಾಗಾಗಿ ಪಾಲು 143. ಬಳಕೆ ತೀರಾ ಕಮ್ಮಿ ಇದ್ದ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸುತ್ತಾರೆ. ಹಳೇ ಲೆಕ್ಕವೇ ಇಲ್ಲದ ಹೊಸ ಮನೆಗೆ ಸಿಗುವುದು 58 ಯೂನಿಟ್.

ಪಾಲಿನ ಒಳಗಿದ್ದರೆ ಬಿಲ್ ಸೊನ್ನೆ. ಪಾಲು ದಾಟಿದರೂ 200ರ ಒಳಗಿದ್ದರೆ ಹೆಚ್ಚಿಗೆ ಉರಿಸಿದ ಯೂನಿಟ್‌ಗಳಿಗೆ ಮಾತ್ರ ಕಟ್ಟುತ್ತೀರಿ. 200 ದಾಟಿದಿರೋ, ಆ ತಿಂಗಳು ಉಚಿತ ಅನ್ನುವುದೇ ಇಲ್ಲ, ಮೊದಲ ಯೂನಿಟ್‌ನಿಂದ ಪೂರ್ತಿ ಕಟ್ಟಬೇಕು.

ನಮಗೆ ಪೆಟ್ಟು ಬಿದ್ದದ್ದು ಅಲ್ಲೇ. ಒಂದು ವರ್ಷ ಮೇ ತಿಂಗಳಲ್ಲಿ 207 ಯೂನಿಟ್ ಬಂತು. ಯೂನಿಟ್‌ಗೆ ಸುಮಾರು 6 ರೂಪಾಯಿ ಅಂತ ಹಿಡಿಯೋಣ. 199 ಬಂದಿದ್ದರೆ 56 ಯೂನಿಟ್‌ಗೆ 336 ರೂಪಾಯಿ ಆಗುತ್ತಿತ್ತು. 207 ಬಂದದ್ದಕ್ಕೆ 1,242 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ ಬೇರೆ. ಬರೀ ಎಂಟು ಯೂನಿಟ್‌ಗೆ ಒಂಬತ್ತು ನೂರು ರೂಪಾಯಿಯ ವ್ಯತ್ಯಾಸ! ರಾಯಚೂರಿನ ಬಿಸಿಲಲ್ಲಿ ಫ್ಯಾನು, ಕೂಲರ್ ಬಂದ್ ಮಾಡಿ ಕೂರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ಹೇಳಲೇಬಾರದು. ಅದೇ ಗಾಳಿಯನ್ನು ಕಮ್ಮಿ ಕರೆಂಟಲ್ಲಿ ತೆಗೆದುಕೊಳ್ಳುವುದು ಹೇಗೆ ಅನ್ನುವುದಷ್ಟೇ ನಮ್ಮ ಕೆಲಸ.

ಆ 207 ಎಲ್ಲಿ ಹೋಯಿತು ಅಂತ ಹುಡುಕಿದೆ. ನನ್ನ ಅನುಮಾನ ಪೂರ್ತಿ ಕೂಲರ್ ಮೇಲಿತ್ತು. ಹಾಲ್‌ನ ಫ್ಯಾನು ದಿನಕ್ಕೆ 16 ತಾಸು, ಎರಡು ರೂಮಿನವು 12 ತಾಸಿನಂತೆ, ಒಟ್ಟು 40 ತಾಸು ತಿರುಗುತ್ತಿದ್ದವು. ಹಳೇ ಫ್ಯಾನು 75 ವ್ಯಾಟ್. ಅಂದರೆ ದಿನಕ್ಕೆ 3 ಯೂನಿಟ್, ತಿಂಗಳಿಗೆ 90. ಕೂಲರ್ 180 ವ್ಯಾಟ್, ರಾತ್ರಿ 8 ತಾಸು, ತಿಂಗಳಿಗೆ 43. ಫ್ರಿಜ್ 30 ಯೂನಿಟ್, ನೀರಿನ ಮೋಟರ್ 22, ಲೈಟು, ಟಿವಿ ಎಲ್ಲಾ ಸೇರಿ ಇನ್ನೊಂದು 22. ಎಲ್ಲರೂ ಬೈಯುವ ಕೂಲರ್‌ಗಿಂತ ಯಾರೂ ನೋಡದ ಫ್ಯಾನುಗಳೇ ಎರಡು ಪಟ್ಟು ತಿನ್ನುತ್ತಿದ್ದವು.

ಫ್ಯಾನಿನ 75 ವ್ಯಾಟ್ ನಾನು ಪೆಟ್ಟಿಗೆ ಮೇಲೆ ಓದಿ ಹೇಳುತ್ತಿಲ್ಲ, ಮೀಟರ್ ನೋಡಿ ಎಣಿಸಿದ್ದು. ನೀವೂ ಮಾಡಬಹುದು. ಮೀಟರ್ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಅದರ ಹತ್ತಿರ imp/kWh ಅಂತ ಒಂದು ಸಂಖ್ಯೆ ಇರುತ್ತದೆ. ನಮ್ಮದರಲ್ಲಿ 3200. ಅಂದರೆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್. ಮನೆಯಲ್ಲಿ ಎಲ್ಲಾ ಆಫ್ ಮಾಡಿ, ಫ್ರಿಜ್‌ನ ಪ್ಲಗ್ಗೂ ತೆಗೆದು, ಒಂದೇ ಫ್ಯಾನು ಹಾಕಿ. ಮೊಬೈಲ್‌ನಲ್ಲಿ ಐದು ನಿಮಿಷ ಇಟ್ಟುಕೊಂಡು ಮಿಣುಕು ಎಣಿಸಿ. ನನಗೆ 20 ಸಿಕ್ಕವು, ಅಂದರೆ ನಿಮಿಷಕ್ಕೆ 4, ತಾಸಿಗೆ 240. ಅದನ್ನು 3200ರಿಂದ ಭಾಗಿಸಿದರೆ ತಾಸಿಗೆ 0.075 ಯೂನಿಟ್, ಅದೇ 75 ವ್ಯಾಟ್. ಕಮ್ಮಿ ಕರೆಂಟ್ ತಿನ್ನುವ ಹೊಸ ಬಿಎಲ್‌ಡಿಸಿ ಫ್ಯಾನು ಹಾಕಿದ ಮೇಲೆ ಅದೇ ಐದು ನಿಮಿಷಕ್ಕೆ ಎಂಟೇ ಮಿಣುಕು. 30 ವ್ಯಾಟ್! ನಾನು ಖುಷಿಗೆ ಎರಡು ಸಲ ಎಣಿಸಿದೆ.

ಇದರಿಂದ ಇನ್ನೊಂದು ಉಪಯೋಗವೂ ಇದೆ. ಎಲ್ಲಾ ಆಫ್ ಮಾಡಿ, ಪ್ಲಗ್ ತೆಗೆದ ಮೇಲೂ ದೀಪ ಮಿಣುಕುತ್ತಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ, ಇಲ್ಲವೇ ನಿಮ್ಮ ಮೀಟರ್‌ನಿಂದ ಇನ್ಯಾರದೋ ಲೈನ್ ಹೋಗಿದೆ. ಹಂಚಿಕೊಂಡ ವಠಾರಗಳಲ್ಲಿ ಮೆಟ್ಟಿಲಿನ ಲೈಟು, ಮಾಲೀಕರ ಮೋಟರ್ ಹೀಗೆ ಸೇರಿರುವುದು ಉಂಟು. ಆಗ ಸುಮ್ನೆ ಊಹೆ ಮಾಡಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ದೀಪ ಮಿಣುಕದೆ ಒಂದೇ ಸಮ ಉರಿಯುತ್ತಿದ್ದರೆ ಗಾಬರಿ ಬೇಡ, ಕೆಲವು ಮೀಟರ್‌ನಲ್ಲಿ ಲೋಡ್ ಇಲ್ಲದಾಗ ಹಾಗೇ ಇರುತ್ತದೆ.

ಬಿಎಲ್‌ಡಿಸಿ ಫ್ಯಾನು ಸುಮಾರು ಮೂರು ಸಾವಿರ ರೂಪಾಯಿ. ಮೂರನ್ನೂ ಒಟ್ಟಿಗೆ ಕೊಳ್ಳುವ ಅವಸರ ಬೇಡ. ಜಾಸ್ತಿ ತಾಸು ತಿರುಗುವುದನ್ನು ಮೊದಲು ಬದಲಿಸಿ. ನಾವು ಹಾಲ್‌ನದು ಮತ್ತು ಅತ್ತೆಯವರ ರೂಮಿನದು, ಎರಡನ್ನು ಬದಲಿಸಿದೆವು. ದಿನಕ್ಕೆ 28 ತಾಸು, ಒಂದು ಫ್ಯಾನಿಗೆ 45 ವ್ಯಾಟ್ ಉಳಿತಾಯ, ತಿಂಗಳಿಗೆ 38 ಯೂನಿಟ್. ಹಾಕುವಾಗ ಗೋಡೆಯ ಹಳೇ ರೆಗ್ಯುಲೇಟರ್ ತೆಗೆಸಿ ನೇರ ಸ್ವಿಚ್‌ಗೆ ಕೊಡಿಸಿ. ಈ ಫ್ಯಾನಿಗೆ ವೇಗ ಬದಲಿಸಲು ರಿಮೋಟ್ ಇರುತ್ತದೆ, ಹಳೇ ರೆಗ್ಯುಲೇಟರ್ ಮೂಲಕ ಓಡಿಸಿದರೆ ಒಳಗಿನ ಸರ್ಕ್ಯೂಟ್ ಕೆಡುತ್ತದೆ. ಓಣಿಯ ಒಬ್ಬರು ಇದನ್ನು ಮಾಡದೆ ಎರಡೇ ತಿಂಗಳಲ್ಲಿ ರಿಪೇರಿಗೆ ಕೊಟ್ಟರು.

ಕೂಲರ್ ವಿಷಯದಲ್ಲಿ ನಾವು ತಾಸು ಕಮ್ಮಿ ಮಾಡಲಿಲ್ಲ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಹುಲ್ಲಿನ ಪ್ಯಾಡ್ ಕಲ್ಲಿನ ಹಾಗೆ ಆಗಿತ್ತು. ನೀರು ಒಂದೇ ಕಡೆ ಇಳಿಯುತ್ತಿತ್ತು, ಗಾಳಿ ತಂಪಾಗುತ್ತಿರಲಿಲ್ಲ. ಪ್ಯಾಡ್ ಬದಲಿಸಿ, ಕೂಲರ್ ಎದುರಿನ ಕಿಟಕಿ ಒಂದು ಗೇಣು ತೆರೆದಿಟ್ಟೆವು. ಕೋಣೆ ಪೂರ್ತಿ ಮುಚ್ಚಿದರೆ ಬರೀ ತೇವ ತುಂಬುತ್ತದೆ, ಮೈ ಅಂಟುತ್ತದೆ, ಆಗ ಜನ ಫ್ಯಾನನ್ನೂ ಜೊತೆಗೆ ಹಾಕುತ್ತಾರೆ.

ನೀರಿನ ಮಾತು ಇಲ್ಲಿಗೇ ಸೇರುತ್ತದೆ. ನಮ್ಮ ಮನೆಯ ನಲ್ಲಿಗೆ ಮೀಟರ್ ಇಲ್ಲ, ನೀರಿನ ಕಂದಾಯ ಒಂದೇ ಮೊತ್ತ. ಒಂದು ಕೊಡ ಉಳಿಸಿದರೂ ಹತ್ತು ಕೊಡ ಚೆಲ್ಲಿದರೂ ಆ ಚೀಟಿ ಬದಲಾಗುವುದಿಲ್ಲ. ನಿಮ್ಮದೂ ಹಾಗೇ ಇದ್ದರೆ ನೀರಿನ ಉಳಿತಾಯ ಕಾಣುವುದು ಕರೆಂಟ್ ಬಿಲ್‌ನಲ್ಲಿ. ಒಂದು ಹೆಚ್‌ಪಿ ಮೋಟರ್ ತಾಸಿಗೆ ಹತ್ತಿರ ಹತ್ತಿರ ಒಂದು ಯೂನಿಟ್ ಎಳೆಯುತ್ತದೆ. ನಾವು ದಿನಾ 45 ನಿಮಿಷ ಓಡಿಸುತ್ತಿದ್ದೆವು. ಟ್ಯಾಂಕ್ ತುಂಬಿ ಹೊರಗೆ ಬಿದ್ದ ಸಪ್ಪಳ ಕೇಳಿದ ಮೇಲೆ ಬಂದ್ ಮಾಡುವುದು ರೂಢಿ. ಒಂದು ದಿನ ಮಗ ಮಾಳಿಗೆ ಮೇಲೆ ನಿಂತು ನೋಡಿದ: 30 ನಿಮಿಷಕ್ಕೇ ತುಂಬುತ್ತದೆ. ಈಗ ಮೊಬೈಲ್‌ನಲ್ಲಿ 30 ನಿಮಿಷದ ಅಲಾರಂ. ತಿಂಗಳಿಗೆ 7 ಯೂನಿಟ್ ಉಳಿಯಿತು. ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯತೊಡಗಿದರೆ ಫುಟ್‌ವಾಲ್ವ್ ಸೋರುತ್ತಿದೆಯಾ, ಫ್ಲಶ್ ಟ್ಯಾಂಕ್‌ನಿಂದ ನೀರು ಹರಿಯುತ್ತಿದೆಯಾ ನೋಡಿ. ಫ್ಲಶ್ ಟ್ಯಾಂಕ್‌ಗೆ ಚಿಟಿಕೆ ಕುಂಕುಮ ಕದಡಿ ಕಾಲು ತಾಸು ಬಿಡಿ. ಕಮೋಡ್‌ನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಹೋಗಿದೆ ಅಂತ ಅರ್ಥ.

ಹೀಗೆ 38 ಮತ್ತು 7 ಹೋಗಿ ಮರುವರ್ಷದ ಮೇ ತಿಂಗಳಲ್ಲಿ 162 ಯೂನಿಟ್ ಬಂತು. ನಮ್ಮ ಪಾಲು 143, ಹಣ ಕಟ್ಟಿದ್ದು 19 ಯೂನಿಟ್‌ಗೆ.

ಒಂದು ಮಾತು ನೇರವಾಗಿ ಹೇಳಬೇಕು. ವರ್ಷಪೂರ್ತಿ ನಿಮ್ಮ ಪಾಲಿನ ಒಳಗೇ ಇರುವವರಾದರೆ ಹೊಸ ಫ್ಯಾನಿನಿಂದ ಬಿಲ್‌ನಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ, ಬಿಲ್ ಈಗಾಗಲೇ ಸೊನ್ನೆ ಅಲ್ವಾ? ಬೇಸಿಗೆಯಲ್ಲಿ 200ರ ಆಸುಪಾಸು ಹೋಗುವವರಿಗೆ ಮಾತ್ರ ಆ ಹಣ ಬೇಗ ವಾಪಸ್ ಬರುತ್ತದೆ. ನಮಗೆ ಎರಡು ಬೇಸಿಗೆ ಸಾಕಾಯಿತು.

ಇನ್ನು ತಿಂಗಳ ಮಧ್ಯದ ಲೆಕ್ಕ. ಬಿಲ್ ಬಂದ ದಿನದ ರೀಡಿಂಗ್ ಕ್ಯಾಲೆಂಡರ್ ಮೇಲೆ ಬರೆಯಿರಿ. ಹದಿನೈದನೇ ದಿನ ಮತ್ತೆ ಮೀಟರ್ ನೋಡಿ ಕಳೆಯಿರಿ. ಮೀಟರ್ ಪರದೆ ಒಂದರ ನಂತರ ಒಂದು ಸಂಖ್ಯೆ ತೋರಿಸುತ್ತದೆ, kWh ಅಂತ ಇರುವುದನ್ನೇ ತೆಗೆದುಕೊಳ್ಳಿ. ಹದಿನೈದು ದಿನಕ್ಕೆ 100 ದಾಟಿದ್ದರೆ ಅದೇ ವೇಗದಲ್ಲಿ ನೀವು 200 ದಾಟುವುದು ಖಂಡಿತ. ಉಳಿದ ಹದಿನೈದು ದಿನ ಕೈಯಲ್ಲಿವೆ. ಇಸ್ತ್ರಿ, ಗೀಸರ್ ಏನಾದರೂ ಬಿಡಬಹುದು. ಹೇಗೂ ಬೇಸಿಗೆಯಲ್ಲಿ ನಮ್ಮ ಟ್ಯಾಂಕಿನ ನೀರೇ ಸುಡುತ್ತಿರುತ್ತದೆ.

ಫೋನಿಗೆ ಬರೋಣ. ನಮ್ಮ ಅತ್ತೆಯವರದು ಗುಂಡಿ ಫೋನು, ಇಂಟರ್ನೆಟ್ ಬಳಸುವುದೇ ಇಲ್ಲ. ಆದರೂ ರೀಚಾರ್ಜ್ ಅಂಗಡಿಯಲ್ಲಿ ಎರಡು ವರ್ಷ ದಿನಕ್ಕಿಷ್ಟು ಜಿಬಿ ಅನ್ನುವ ಪ್ಯಾಕನ್ನೇ ಹಾಕುತ್ತಿದ್ದರು, ನಾವೂ ಕೇಳಲಿಲ್ಲ. 2024ರ ಡಿಸೆಂಬರ್‌ನಲ್ಲಿ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ ನಿಯಮ ಬದಲಿಸಿತು. ಬರೀ ಮಾತು ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಪ್ರತಿ ಕಂಪನಿಯೂ ಕೊಡಲೇಬೇಕು, ಅದರ ಅವಧಿ 365 ದಿನದವರೆಗೂ ಇರಬಹುದು. ಆ್ಯಪ್ ತೆರೆದ ಕೂಡಲೇ ಈ ಪ್ಯಾಕ್ ಕಾಣದಿದ್ದರೆ ಪಟ್ಟಿಯ ಕೆಳಗಿನವರೆಗೂ ಹುಡುಕಿ. ಅಂಗಡಿಯಲ್ಲಾದರೆ “ಡೇಟಾ ಬ್ಯಾಡ್ರಿ, ಬರೇ ಮಾತಾಡೋದು ಸಾಕು” ಅಂತ ಬಾಯಿಬಿಟ್ಟು ಹೇಳಿ. ಬ್ಯಾಂಕಿನ ಒಟಿಪಿ ಇದರಲ್ಲೂ ಬರುತ್ತದೆ. ಫೋನ್‌ಪೇ ಥರದ್ದು ಬಳಸುವವರಿಗೆ ಮಾತ್ರ ಇದು ಸಾಲದು, ಅದಕ್ಕೆ ಡೇಟಾ ಬೇಕೇ ಬೇಕು.

ಉಳಿದ ಪ್ಯಾಕ್‌ಗಳನ್ನು ಹೋಲಿಸುವಾಗ ಬೆಲೆ ನೋಡಬೇಡಿ, ಬೆಲೆಯನ್ನು ದಿನದಿಂದ ಭಾಗಿಸಿ ನೋಡಿ. 28 ದಿನದ ಪ್ಯಾಕ್ ತಿಂಗಳ ಪ್ಯಾಕ್ ಅಲ್ಲ, ವರ್ಷಕ್ಕೆ 13 ಸಲ ಹಾಕಬೇಕು. 300 ರೂಪಾಯಿಗೆ 28 ದಿನ ಸಿಕ್ಕರೆ ದಿನಕ್ಕೆ 10 ರೂಪಾಯಿ 71 ಪೈಸೆ, 310 ರೂಪಾಯಿಗೆ 30 ದಿನ ಸಿಕ್ಕರೆ ದಿನಕ್ಕೆ 10 ರೂಪಾಯಿ 33 ಪೈಸೆ. ಎರಡನೆಯದೇ ಅಗ್ಗ. ಡೇಟಾ ಎಷ್ಟು ಬೇಕು ಅನ್ನುವುದನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಡೇಟಾ ಬಳಕೆಯ ಪುಟ ಹೇಳುತ್ತದೆ. ನಮ್ಮ ಯಜಮಾನರು ದಿನಕ್ಕೆ 2 ಜಿಬಿ ಬೇಕೇ ಬೇಕು ಅಂತಿದ್ದರು. ಆ ಪುಟ ತೆಗೆದು ನೋಡಿದರೆ ತಿಂಗಳಿಗೆ 17 ಜಿಬಿ ಇತ್ತು. ಮುಂದಿನ ಸಲ ದಿನಕ್ಕೆ 1 ಜಿಬಿಯ ಪ್ಯಾಕ್ ಹಾಕಿಸಿಕೊಂಡರು, ಈವರೆಗೂ ಡೇಟಾ ಮುಗಿಯಿತು ಅಂತ ಒಂದು ಸಲವೂ ಹೇಳಿಲ್ಲ.