ಚಕ್ಕುಲಿ ಸುತ್ತಿದಳು, ಬಾಯಿಗಿಡಲಿಲ್ಲ

31 ಆಗಸ್ಟ್ 2025, ಭಾನುವಾರ
ಸಾಗರ, ರಾತ್ರಿ ಹನ್ನೊಂದೂವರೆ

ಮಳೆ ಇನ್ನೂ ಬಿಟ್ಟಿಲ್ಲ. ಅಕ್ಕನ ಮಗಳು ಪುಟ್ಟಿ ಒಳಗೆ ಎರಡು ಕಂಬಳಿ ಹೊದ್ದು ಮಲಗಿದ್ದಾಳೆ. ನಾಳೆ ಬೆಳಗಿನ ಬಸ್ಸಿಗೆ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಬೇಕು. ಇದನ್ನು ಬರೆದಿಡದೆ ನನಗೆ ನಿದ್ದೆ ಬರುವುದಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಅಮ್ಮ ಅವಳನ್ನು ಕೇಳಿದ್ದಳು, "ನಿನ್ನ ದಿನ ಹತ್ತಿರ ಇದೆಯೇನೇ? ಮೊದಲೇ ತಿಳಿದರೆ ಪೂಜೆಗೆ ಹೊಂದಿಸಿಕೊಳ್ಳಬಹುದು." ಪುಟ್ಟಿ ನಗುತ್ತಾ, "ಆ ಚಿಂತೆಯೇ ಬೇಡ ಅಮ್ಮಮ್ಮ" ಎಂದಳು. ಅಮ್ಮನಿಗೆ ಸಮಾಧಾನವಾಯಿತು. ನಾನು ಡ್ಯೂಟಿಗೆ ಹೊರಡುವ ಅವಸರದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. 19 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳಿಗೆ ಆಗಲೇ ಹೊಳೆಯಬೇಕಿತ್ತು.

ಅವಳು ಚೆನ್ನಾಗಿ ಕಾಣುತ್ತಿದ್ದಳು, ಅದೂ ನಿಜ. ಫೆಬ್ರವರಿಯಲ್ಲಿ ನಿಶ್ಚಿತಾರ್ಥವಾದಾಗ 64 ಕಿಲೋ ಇದ್ದವಳು ಈಗ 51. ಚೌತಿಗೆ ಬಂದವರೆಲ್ಲ ಅವಳನ್ನು ಹೊಗಳಿದರು. ಪಕ್ಕದ ಮನೆಯ ಅತ್ತೆ ತಮ್ಮ ಸೊಸೆಯನ್ನು ಕರೆದು, "ಇವಳ ಹತ್ತಿರ ಕೇಳಿಕೋ" ಎಂದರು. ಅವಳ ಎತ್ತರಕ್ಕೆ 51 ಎಂದರೆ ಯಾವ ಪಟ್ಟಿಯಲ್ಲಿ ನೋಡಿದರೂ ಸರಿಯಾದ ತೂಕವೇ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಊಟ ಕಡಿಮೆ ಮಾಡಿ ಈ ಸ್ಥಿತಿಗೆ ಬಂದವರೆಲ್ಲ ಎಲುಬು ಕಾಣುವಂತಿರುತ್ತಾರೆ ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ಆರೇಳು ತಿಂಗಳಲ್ಲಿ ದೇಹದ ಐದನೇ ಒಂದು ಭಾಗ ಕರಗಿದೆ ಎಂಬುದು ತಕ್ಕಡಿಯ ಇವತ್ತಿನ ಅಂಕಿಯಲ್ಲಿ ಕಾಣುವುದಿಲ್ಲ.

ಚಕ್ಕುಲಿಯ ದಿನ ನಾಲ್ಕು ಗಂಟೆ ಒಂದೇ ಸಮನೆ ಕೂತು ಕೈಯಲ್ಲಿ ಸುತ್ತಿದಳು. ಅಷ್ಟು ನೀಟಾದ ಸುತ್ತು ಅಮ್ಮನಿಗೂ ಬರುವುದಿಲ್ಲ. ಎಣ್ಣೆಯಿಂದ ತೆಗೆದು ಎಲ್ಲರಿಗೂ ಹಂಚಿದಳು, ಎದುರು ನಿಂತು ತಿನ್ನಿಸಿದಳು, ಗರಿಗರಿಯಾಗಿದೆಯೇ, ಖಾರ ಸಾಕೇ ಎಂದು ಕೇಳಿ ಕೇಳಿ ತಿಳಿದುಕೊಂಡಳು. ತಾನು ಒಂದು ಚೂರನ್ನೂ ಬಾಯಿಗಿಡಲಿಲ್ಲ. ಹಿಟ್ಟಿನ ಉಪ್ಪು ನೋಡುವುದಕ್ಕೂ ನನ್ನನ್ನೇ ಕರೆದಳು. "ಮದುವೆಗೆ ಮೊದಲೇ ಅಡುಗೆಯಲ್ಲಿ ಎಷ್ಟು ಆಸಕ್ತಿ" ಎಂದು ಅಕ್ಕ ಫೋನಿನಲ್ಲಿ ಖುಷಿಪಟ್ಟಳು.

ಇವತ್ತು ಮಧ್ಯಾಹ್ನ ಊಟದ ಮಣೆಯಿಂದ ಎದ್ದವಳು ಗೋಡೆ ಹಿಡಿದು ನಿಂತಳು. ಮುಖ ಬಿಳಿಚಿಕೊಂಡಿತ್ತು, ಕಣ್ಣು ತೆರೆದೇ ಇತ್ತು, ಆದರೆ ಏನೂ ಕಾಣಿಸುತ್ತಿಲ್ಲ ಎಂದಳು. ನಾನು ಹಿಡಿದುಕೊಂಡು ಕೂರಿಸಿದೆ. ಅಂಗೈ ಮಂಜುಗಡ್ಡೆಯ ಹಾಗಿತ್ತು. "ಏನಿಲ್ಲ ಚಿಕ್ಕಿ, ನನಗೆ ಮೊದಲಿಂದಲೂ ಲೋ ಬಿಪಿ" ಎಂದಳು. ಮೊದಲಿಂದಲೂ ಇರಲಿಲ್ಲ. ಹುಟ್ಟಿದಾಗಿನಿಂದ ಅವಳನ್ನು ನೋಡಿದ್ದೇನೆ.

ಬಿಪಿ ಯಂತ್ರ ತಂದೆ. ಕೂತಾಗ ಒಂದು ಸಲ ನೋಡಿ ಬಿಟ್ಟರೆ ಇದು ಗೊತ್ತಾಗುವುದಿಲ್ಲ. ಐದು ನಿಮಿಷ ಅಂಗಾತ ಮಲಗಿಸಿ ನೋಡಿದೆ: 98/62, ನಾಡಿ 50. ಆಮೇಲೆ ಎದ್ದು ನಿಲ್ಲಿಸಿ, ಮೂರು ನಿಮಿಷಕ್ಕೆ ಮತ್ತೆ ನೋಡಿದೆ: 76/52, ನಾಡಿ 94. ನಿಂತಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿಯಬಾರದು. ಮಲಗಿದ್ದಾಗಿನ 50 ನನ್ನನ್ನು ಇನ್ನೂ ಹೆಚ್ಚು ಹೆದರಿಸಿತು. ಓಟಗಾರರ ನಾಡಿ ಹಾಗಿರುವುದುಂಟು. ಇವಳದು ಹೃದಯ ಗಟ್ಟಿಯಾಗಿ ಬಂದ ನಿಧಾನವಲ್ಲ. ಒಲೆಗೆ ಸೌದೆ ಕಡಿಮೆಯಾದಾಗ ಉರಿ ಸಣ್ಣದು ಮಾಡಿದ ಹಾಗೆ, ದೇಹ ತನ್ನ ಖರ್ಚನ್ನು ಒಂದೊಂದಾಗಿ ಕಡಿತ ಮಾಡುತ್ತಿದೆ. ಆಗಸ್ಟಿನಲ್ಲಿ ಎರಡು ಕಂಬಳಿ ಬೇಕಾದದ್ದೂ ಅದಕ್ಕೇ.

"ಕೊನೆಯ ಸಲ ಮುಟ್ಟಾದದ್ದು ಯಾವಾಗ?" ಎಂದು ಕೇಳಿದೆ.

ಸುಮ್ಮನಿದ್ದಳು. ಆಮೇಲೆ, "ಮೇ ಮಧ್ಯದಲ್ಲಿ" ಎಂದಳು. ಜೂನ್, ಜುಲೈ, ಆಗಸ್ಟ್. ಮೂರು ತಿಂಗಳು. ಅದಕ್ಕೂ ಮೊದಲು ಎರಡು ಸಲ ಒಂದೇ ದಿನಕ್ಕೆ ನಿಂತುಹೋಗಿತ್ತಂತೆ. "ಜಿಮ್ಮಿಗೆ ಹೋಗಲು ಅನುಕೂಲವಾಯಿತು ಎಂದುಕೊಂಡೆ" ಎಂದಳು. ಸಿಟ್ಟು ಬಂತು, ಅವಳ ಮೇಲಲ್ಲ. ಮನೆಯಲ್ಲಿ ಮೂರು ಹೆಂಗಸರಿದ್ದೇವೆ. ಒಬ್ಬಳಿಗೆ ಅದು ಪೂಜೆಗೆ ಅನುಕೂಲ, ಒಬ್ಬಳಿಗೆ ವ್ಯಾಯಾಮಕ್ಕೆ ಅನುಕೂಲ, ನನಗೆ ಕೇಳುವ ಪುರುಸೊತ್ತಿರಲಿಲ್ಲ.

ದಿನಕ್ಕೆ ಏನು ತಿನ್ನುತ್ತೀಯ ಎಂದು ಕೂತು ಲೆಕ್ಕ ಹಾಕಿದೆ. ಬೆಳಿಗ್ಗೆ ಸಕ್ಕರೆ, ಹಾಲು ಇಲ್ಲದ ಕಾಫಿ ಮತ್ತು ಎರಡು ಮೊಟ್ಟೆಯ ಬಿಳಿ. ಹನ್ನೊಂದಕ್ಕೆ ಸೇಬು. ಮಧ್ಯಾಹ್ನ ಎರಡು ಚಪಾತಿ, ಸೌತೆಕಾಯಿ, ಸ್ವಲ್ಪ ಬೇಳೆ. ರಾತ್ರಿ ತರಕಾರಿ ಸೂಪು, ಒಂದು ಬಟ್ಟಲು ಮೊಸರು, ಎಂಟು ಬಾದಾಮಿ. ಬಾದಾಮಿಯನ್ನು ಅವಳು ಎಣಿಸಿಯೇ ಹೇಳಿದಳು. ಎಲ್ಲ ಸೇರಿ 900 ಕ್ಯಾಲೊರಿ ಆಗಬಹುದು. ಜಿಮ್ಮಿನಲ್ಲಿ ಮುನ್ನೂರು ಹೋದರೆ ಉಳಿದದ್ದು 600. ಆ 600ರಲ್ಲಿ ಮೆದುಳು, ಹೃದಯ, ಮೂತ್ರಪಿಂಡ, ಚರ್ಮ, ಮೂಳೆ ಎಲ್ಲವೂ ಬದುಕಬೇಕು. ಕೊಬ್ಬು ಬಿಟ್ಟು ಅವಳ ದೇಹ ಸುಮಾರು 38 ಕಿಲೋ ಇರಬಹುದು. ಅದರ ಪ್ರತಿ ಕಿಲೋಗೆ ದಿನಕ್ಕೆ 30 ಕ್ಯಾಲೊರಿಯಾದರೂ ಉಳಿಯದಿದ್ದರೆ ಹಾರ್ಮೋನುಗಳು ಹಿಂಜರಿಯಲು ಶುರುಮಾಡುತ್ತವೆ. ಅದೇ ಗೆರೆ ಎಲ್ಲರಿಗೂ ಒಂದೇ ಎಂದಲ್ಲ, ಆದರೆ ಇವಳು ಅದರ ಅರ್ಧದ ಹತ್ತಿರ ಇದ್ದಾಳೆ. ಮೆದುಳಿನಿಂದ ಅಂಡಾಶಯಕ್ಕೆ ಹೋಗಬೇಕಾದ ಸೂಚನೆ ನಿಧಾನವಾಗುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಹೊರಗೆ ಕಾಣುವುದು ಅಷ್ಟೇ. ಒಳಗೆ ಮೂಳೆಯೂ ಸವೆಯುತ್ತಿರುತ್ತದೆ, ಅದು ನೋಯುವುದೂ ಇಲ್ಲ.

ನಾಳೆಯ ಬಗ್ಗೆ ನನ್ನ ಹೆದರಿಕೆ ಬೇರೆಯೇ ಇದೆ. ಮುಟ್ಟು ನಿಂತಿದೆ ಎಂದ ಕೂಡಲೇ ಸ್ಕ್ಯಾನ್ ಮಾಡಿ, ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳಿವೆ, ಪಿಸಿಓಡಿ ಎಂದು ಬರೆದು, ಇನ್ನೂ ತೂಕ ಇಳಿಸಿ ಎಂದು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಹಸಿವಿನಿಂದ ಮುಟ್ಟು ನಿಂತವರ ಅಂಡಾಶಯದಲ್ಲೂ ಅಂಥ ಸಣ್ಣ ಗುಳ್ಳೆಗಳು ಕಾಣುವುದುಂಟು. ಇಲ್ಲವೇ ಹಾರ್ಮೋನ್ ಮಾತ್ರೆ ಬರೆಯುತ್ತಾರೆ. ಮಾತ್ರೆ ನಿಲ್ಲಿಸಿದಾಗ ರಕ್ತ ಹೋಗುತ್ತದೆ, ಎಲ್ಲರೂ ಸರಿಯಾಯಿತು ಎನ್ನುತ್ತಾರೆ. ಅದು ಮಾತ್ರೆಯ ರಕ್ತ, ಅವಳ ಮುಟ್ಟಲ್ಲ. ಆದ್ದರಿಂದ ಒಂದು ಚೀಟಿ ಬರೆದಿಟ್ಟಿದ್ದೇನೆ: ಫೆಬ್ರವರಿಯ ತೂಕ, ಇವತ್ತಿನ ತೂಕ, ಮುಟ್ಟಿನ ದಿನಾಂಕಗಳು, ದಿನದ ಊಟ, ಎರಡು ಬಿಪಿ. ಗರ್ಭಧಾರಣೆಯ ಪರೀಕ್ಷೆ ಮೊದಲು ಮಾಡುತ್ತಾರೆ ಎಂದು ಅವಳಿಗೆ ಹೇಳಿದ್ದೇನೆ. ಎಲ್ಲರಿಗೂ ಮಾಡುತ್ತಾರೆ, ಬೇಸರ ಮಾಡಿಕೊಳ್ಳಬೇಡ ಎಂದೆ. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಹಾರ್ಮೋನಿನ ಪರೀಕ್ಷೆ, ಇಸಿಜಿ ಆಗಬೇಕು.

ಬಚ್ಚಲ ಜಾಲರಿಯಲ್ಲಿ ಸಿಕ್ಕ ಕೂದಲಿನ ಉಂಡೆಯನ್ನು ಕಾಗದದ ಮೇಲೆ ಹರಡಿ ಅವಳಿಗೆ ತೋರಿಸಿದೆ. ಬೆಂಗಳೂರಿನ ಬೋರ್‌ವೆಲ್ ನೀರು ಎಂದು ಅವಳು ಫಿಲ್ಟರ್ ಹಾಕಿಸಿದ್ದಾಳೆ, ಎರಡು ಎಣ್ಣೆ ಬದಲಿಸಿದ್ದಾಳೆ. ಒಂದು ಎಳೆ ತೆಗೆದು ದೀಪದ ಕೆಳಗೆ ಹಿಡಿದೆ. ಬುಡದಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗುಂಡು. ನೀರಿನಿಂದ ಕೂದಲು ಹಾಳಾದರೆ ನಡುವೆ ತುಂಡಾಗುತ್ತದೆ. ಹೀಗೆ ಬುಡಸಮೇತ ಬಂದದ್ದು, ಬೆಳೆಯುವುದನ್ನು ನಿಲ್ಲಿಸಿ ವಿಶ್ರಾಂತಿಗೆ ಹೋಗಿದ್ದ ಕೂದಲು. ಹಾಗೆ ಹೋದದ್ದು ಉದುರಲು ಎರಡು, ಮೂರು ತಿಂಗಳು ಹಿಡಿಯುತ್ತದೆ. ಜುಲೈಯಲ್ಲಿ ಉದುರಿದ್ದಕ್ಕೆ ಕಾರಣ ಏಪ್ರಿಲ್‌ನಲ್ಲಿತ್ತು. ಇನ್ನೊಂದು ಮಾತನ್ನೂ ಹೇಳಿಬಿಟ್ಟೆ: ನಾಳೆಯಿಂದ ಹೊಟ್ಟೆ ತುಂಬ ಉಂಡರೂ ಇನ್ನು ಕೆಲವು ವಾರ ಉದುರುತ್ತದೆ, ಆಗ ಊಟ ಸರಿಹೋಗಲಿಲ್ಲ ಎಂದು ಬಿಡಬೇಡ. ಅವಳ ಕಣ್ಣಲ್ಲಿ ನೀರು ಬಂದದ್ದು ಆಗಲೇ. ಮುಟ್ಟಿಗಲ್ಲ, ನಾಡಿಗಲ್ಲ, ಕೂದಲಿಗೆ.

ರಾತ್ರಿ ದೀಪ ಆರಿಸಿದ ಮೇಲೆ ತಾನಾಗಿ ಮಾತನಾಡಿದಳು. ಬೆಂಗಳೂರಿನ ಕೋಣೆಯಲ್ಲಿ ರಾತ್ರಿ ಎರಡರವರೆಗೆ ಅಡುಗೆಯ ವಿಡಿಯೋ ನೋಡುತ್ತಾಳಂತೆ. ಬೆಣ್ಣೆ ದೋಸೆ ಹುಯ್ಯುವುದು, ಹೋಳಿಗೆ ಬೇಯಿಸುವುದು, ಅದನ್ನೇ ಮತ್ತೆ ಮತ್ತೆ. ಮೀಟಿಂಗಿನಲ್ಲಿ ಕೂತಾಗ ರಾತ್ರಿಯ ಮೊಸರಿಗೆ ಎಷ್ಟು ಗಂಟೆ ಬಾಕಿ ಎಂದು ಎಣಿಸುತ್ತಾಳಂತೆ. ಮದುವೆಯಾಗುವ ಹುಡುಗ ಫೋನಿನಲ್ಲಿ ಮಾತನಾಡುತ್ತಿದ್ದರೆ ಅವಳ ತಲೆಯಲ್ಲಿ ಚಿತ್ರಾನ್ನ. "ನನಗೆ ತಿನ್ನುವ ಚಪಲ ಅಷ್ಟು ಜಾಸ್ತಿ ಚಿಕ್ಕಿ, ಅದಕ್ಕೇ ಇಷ್ಟು ಕಟ್ಟುನಿಟ್ಟು" ಎಂದಳು.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಯೋಗದ ಕಥೆ ಹೇಳಿದೆ. 1944ರ ಕೊನೆಗೆ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಆರೋಗ್ಯವಂತ 36 ಯುವಕರನ್ನು ಸೇರಿಸಿಕೊಂಡರು. ತಾವಾಗಿ ಒಪ್ಪಿ ಬಂದವರು ಅವರು. ಅವರಿಗೆ ಆರು ತಿಂಗಳು ದಿನಕ್ಕೆ 1,600ಕ್ಕಿಂತ ಸ್ವಲ್ಪ ಕಡಿಮೆ ಕ್ಯಾಲೊರಿ ಕೊಟ್ಟರು. ಮೊದಲು ಊಟದ ಬಗ್ಗೆ ತಲೆಕೆಡಿಸಿಕೊಳ್ಳದ ಗಂಡಸರು ಅಡುಗೆ ಪುಸ್ತಕ ಓದತೊಡಗಿದರು, ರೆಸಿಪಿಗಳನ್ನು ಬರೆದಿಟ್ಟುಕೊಂಡರು, ತಟ್ಟೆಯಲ್ಲಿದ್ದದ್ದನ್ನು ಗಂಟೆಗಟ್ಟಲೆ ಎಳೆದು ತಿಂದರು. ಅವರಿಗೂ ತಲೆಸುತ್ತು, ಚಳಿ, ಕೂದಲು ಉದುರುವುದು ಎಲ್ಲ ಬಂತು. ಹಸಿವೇ ಆ ಯೋಚನೆಯನ್ನು ಹುಟ್ಟಿಸಿತ್ತು. "ನಿನ್ನದು ಚಪಲವಲ್ಲ" ಎಂದೆ. ಕತ್ತಲಲ್ಲಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅವರಿಗೆ 1,600 ಕೊಟ್ಟಿದ್ದರೇ?" ಎಂದಳು.

ಅಮ್ಮನಿಗೆ ಸಂಜೆಯೇ ಎಲ್ಲ ಹೇಳಿದ್ದೆ. ತಕ್ಷಣ ತುಪ್ಪದ ಡಬ್ಬಿ ತೆಗೆದಳು, ನಾಲ್ಕು ಕಡುಬು ಬಿಸಿ ಮಾಡಿದಳು. ನಾನು ತಡೆದೆ, ಅವಳಿಗೆ ಬಹಳ ನೋವಾಯಿತು. ಇಷ್ಟು ಬೇಗ ಇಷ್ಟು ತೂಕ ಕಳೆದುಕೊಂಡ ದೇಹಕ್ಕೆ ಒಮ್ಮೆಗೇ ಸಿಹಿ, ಅನ್ನ ತುಂಬಿದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಮ್ ದಿಢೀರನೆ ಇಳಿದು ಹೃದಯಕ್ಕೆ ತೊಂದರೆಯಾಗಬಹುದು. ರಕ್ತ ಪರೀಕ್ಷೆಯಾಗಲಿ, ಎಷ್ಟರಿಂದ ಶುರುಮಾಡಿ ಹೇಗೆ ಏರಿಸಬೇಕೆಂದು ಡಾಕ್ಟರು ಹೇಳಲಿ ಎಂದೆ. ಕೊನೆಗೆ ಅರ್ಧ ಕಡುಬು, ತುಪ್ಪವಿಲ್ಲದೆ. ಪುಟ್ಟಿ ಅದನ್ನು ಆರು ತುಂಡು ಮಾಡಿದಳು. ಇಪ್ಪತ್ತು ನಿಮಿಷ ಹಿಡಿಯಿತು. ಐದು ತಿಂದಳು.

ಅಕ್ಕನಿಗೆ ಇನ್ನೂ ಹೇಳಿಲ್ಲ. ಬ್ಲೌಸಿನ ಅಳತೆಗೆ ದರ್ಜಿ ಗುರುವಾರ ಬರುತ್ತಾನೆ ಎಂದು ಸಂಜೆ ಸಂದೇಶ ಕಳಿಸಿದ್ದಾಳೆ.

ಮಲಗುವ ಮೊದಲು ಪುಟ್ಟಿ ಕೇಳಿದಳು, "ನಾಳೆ ತೂಕ ನೋಡುತ್ತಾರೆಯೇ?" ನೋಡುತ್ತಾರೆ, ಬೇಕಾದರೆ ಅಂಕಿ ಕಾಣದ ಹಾಗೆ ತಕ್ಕಡಿಗೆ ಬೆನ್ನು ಹಾಕಿ ನಿಲ್ಲಬಹುದು, ನಾನು ಅವರಿಗೆ ಹೇಳುತ್ತೇನೆ ಎಂದೆ. "ಹಾಗೂ ನಿಲ್ಲಬಹುದೇ?" ಎಂದು ಎರಡು ಸಲ ಕೇಳಿದಳು.

ಒಳಗೆ ಮತ್ತೆ ಮೊಬೈಲಿನ ಬೆಳಕು ಕಾಣುತ್ತಿದೆ. ಎಣ್ಣೆಯಲ್ಲಿ ಏನೋ ಕರಿಯುವ ಸಣ್ಣ ಸದ್ದು. ಹೋಗಿ ಅವಳ ಪಕ್ಕದಲ್ಲಿ ಕೂರುತ್ತೇನೆ.