ಅಪ್ರೂವ್ಡ್ ಅಂತಿದೆ, ದುಡ್ಡೆಲ್ಲಿ?

ಸಪೋರ್ಟ್‌ನೋರಿಗೆ ಇವತ್ತು ಮೂರನೇ ಸಲ ಬರೆದೆ. ಮೊದಲೆರಡು ಸಲ ನನ್ನ ವಿಡಿಯೊ ಚಾನೆಲ್‌ನ ಜಾಹೀರಾತಿನ ದುಡ್ಡು ಬಂದಿಲ್ಲ ಅಂತಷ್ಟೇ ಅಂದಿದ್ದೆ, ಕಾಯಿರಿ ಅಂದ್ರು ಅಷ್ಟೇ. ಈ ಸಲ ನೇರವಾಗಿ ಕೇಳ್ದೆ, ಪೇಮೆಂಟ್ ಅಪ್ರೂವ್ ಆಗಿ 12 ದಿನ ಆಯ್ತು, ಅದು ನಿಮ್ಮಿಂದ ಹೊರಟಿದ್ಯಾ, ಹೊರಟಿದ್ರೆ ಯಾವ ತಾರೀಖು, ಟ್ರಾನ್ಸ್‌ಫರ್ ರೆಫರೆನ್ಸ್ ನಂಬರ್ ಕೊಡಿ ಅಂತ. ಅಪ್ರೂವ್ ಅಂದ್ರೆ ಲೆಕ್ಕ ಒಪ್ಪಿದಾರೆ ಅಂತಷ್ಟೇ, ಕಳಿಸಿದಾರೆ ಅಂತಲ್ಲ, ಮತ್ತೆ ಆ ನಂಬರ್ ಇಲ್ದೆ ಬ್ಯಾಂಕ್‌ನೋರಿಗೂ ಹುಡುಕೋದು ಕಷ್ಟ. ಬರೀತಾ ಬರೀತಾ ನೋಡಿದ್ರೆ ಪೇಮೆಂಟ್ ಪ್ರೊಫೈಲಲ್ಲಿ ಚಾನೆಲ್ ಹೆಸರಿದೆ, ಬ್ಯಾಂಕ್ ಖಾತೆಲಿ ನನ್ನ ಹೆಸರು! ಹೆಸರು ಹೊಂದದೆ ವಾಪಸ್ ಹೋಗಿರ್ಬಹುದು, ಅದನ್ನೂ ಚೆಕ್ ಮಾಡಿ ಅಂತ ಸೇರಿಸ್ದೆ. ರಾತ್ರಿಯೆಲ್ಲ ಕೂತು ಎಡಿಟ್ ಮಾಡಿದ ದುಡಿಮೆ ಅದು, ಎಲ್ಲಿ ನಿಂತಿದೆ ಅಂತಾನಾದ್ರೂ ಗೊತ್ತಾಗ್ಬೇಕಲ್ವಾ.