ಓಂ ಬೀಚಿನ ದಾರಿಯಲ್ಲಿ ಬೆವರಿದ ಫ್ಲಾಸ್ಕ್

ಗೋಕರ್ಣದಿಂದ ಕುಡ್ಲೆ, ಓಂ, ಹಾಫ್ ಮೂನ್ ದಾಟಿ ಪ್ಯಾರಡೈಸ್ ಬೀಚಿನವರೆಗೆ ಗುಡ್ಡದ ಅಂಚಿನಲ್ಲಿ ನಡೆಯುವ ದಾರಿ ನೋಟಕ್ಕೆ ಸೊಗಸು, ಏಪ್ರಿಲ್ ತಿಂಗಳಲ್ಲಿ ಮೈಗೆ ಶಿಕ್ಷೆ. ಶಿರಸಿಯಿಂದ ಬಂದಿದ್ದ ಭಾವ ಮಾತ್ರ ನಿಶ್ಚಿಂತನಾಗಿದ್ದ. ಅವನ ಚೀಲದಲ್ಲಿ ಮಂಜುಗಡ್ಡೆ ತುಂಬಿದ ಎರಡು ಪದರದ ಸ್ಟೀಲ್ ಫ್ಲಾಸ್ಕ್ ಇತ್ತು. ನನ್ನದು ಒಂದೇ ಪದರದ ಸಾದಾ ಬಾಟಲಿ.

ಕುಡ್ಲೆಯ ಏರು ಹತ್ತಿ ಜಂಬಿಟ್ಟಿಗೆ ಬಂಡೆಯ ಮೇಲೆ ಕುಳಿತು ಎರಡನ್ನೂ ಹೊರಗಿಟ್ಟೆವು. ನನ್ನ ಬಾಟಲಿಯ ಮೇಲೆ ಸಾಸಿವೆಯಷ್ಟು ಹನಿಗಳು ಮೂಡಿ, ಒಂದಕ್ಕೊಂದು ಕೂಡಿಕೊಂಡು, ಗೆರೆಯಾಗಿ ಇಳಿಯುತ್ತಿದ್ದವು. ಒಳಗೆ ನೀರು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಹನಿಗಳು ದಟ್ಟ. ಅದರ ಮೇಲೆ ವಿರಳ. ಇದರಲ್ಲಿ ಅಚ್ಚರಿಯಿಲ್ಲ. ಕರಾವಳಿಯಲ್ಲಿ ಉಷ್ಣತೆ 32 ಡಿಗ್ರಿ, ಆರ್ದ್ರತೆ ಶೇ 75 ಇದ್ದರೆ ಸುಮಾರು 27 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಗಾಳಿಯ ತೇವ ನೀರಾಗಿ ಕೂರುತ್ತದೆ.

ಅಚ್ಚರಿಯೆಂದರೆ ಭಾವನ ಫ್ಲಾಸ್ಕೂ ಬೆವರುತ್ತಿತ್ತು.

"ಮುಚ್ಚಳ ಸೋರುತ್ತಿರಬೇಕು ಭಾವ" ಎಂದೆ. ಅವನು ಪಂಚೆಯ ತುದಿಯಿಂದ ಒರೆಸಿ ನೆಟ್ಟಗೆ ನಿಲ್ಲಿಸಿದ. ಸೋರಿಕೆಯಾಗಿದ್ದರೆ ನೀರು ಮುಚ್ಚಳದಿಂದ ಕೆಳಗಿಳಿಯಬೇಕಿತ್ತು. ಸ್ವಲ್ಪ ಹೊತ್ತಿನಲ್ಲಿ ಮೈತುಂಬ ಮತ್ತೆ ಸಣ್ಣ ಹನಿಗಳು ಎದ್ದವು.

ಇಂಥ ಫ್ಲಾಸ್ಕಿನ ಎರಡು ಪದರಗಳ ನಡುವಿನ ಗಾಳಿಯನ್ನು ಹೀರಿ ತೆಗೆದಿರುತ್ತಾರೆ. ಆ ನಿರ್ವಾತ ಇರುವವರೆಗೆ ಒಳಗಿನ ತಂಪು ಹೊರಗೋಡೆಗೆ ತಲುಪುವುದು ಬಹಳ ಕಡಿಮೆ, ಬೆವರಿಗೆ ಆಸ್ಪದವೇ ಇಲ್ಲ. ಕುತ್ತಿಗೆಯ ಸುತ್ತ ನಾಲ್ಕು ಹನಿ ಬಂದರೆ ಚಿಂತೆ ಬೇಡ. ಎರಡೂ ಗೋಡೆಗಳು ಸೇರುವುದು ಅಲ್ಲಿಯೇ. ತಗ್ಗಿದ ಜಾಗದಲ್ಲಷ್ಟೇ ಹನಿ ಕಂಡರೆ ಅಲ್ಲಿ ಗೋಡೆಗಳು ಒಂದನ್ನೊಂದು ಮುಟ್ಟಿರಬಹುದು. ಇಡೀ ಮೈ ಒದ್ದೆಯಾದರೆ ಎಲ್ಲೋ ಬೆಸುಗೆ ಬಿಟ್ಟು ಗಾಳಿ ಒಳಹೊಕ್ಕಿದೆ ಎಂದರ್ಥ. ಭಾವನ ಫ್ಲಾಸ್ಕ್ ಹಿಂದೊಮ್ಮೆ ಸ್ಕೂಟರಿನಿಂದ ಬಿದ್ದದ್ದು ಆಗ ನೆನಪಿಗೆ ಬಂತು.

ಬೆವರು ಚೀಲ ಒದ್ದೆ ಮಾಡುವುದಷ್ಟೇ ಅಲ್ಲ, ನೀರನ್ನೂ ಬಿಸಿ ಮಾಡುತ್ತದೆ. ಆವಿ ನೀರಾಗುವಾಗ ಬಿಟ್ಟುಕೊಡುವ ಶಾಖದಲ್ಲಿ ಬಹುಪಾಲು ಬಾಟಲಿಗೇ ಸೇರುತ್ತದೆ. ಹತ್ತು ಗ್ರಾಂ ಬೆವರಿನ ಶಾಖವೆಲ್ಲ ಒಳಗೆ ಹೋದರೆ ಒಂದು ಲೀಟರ್ ನೀರು ಐದಾರು ಡಿಗ್ರಿ ಏರುತ್ತದೆ. ಹಾಫ್ ಮೂನ್ ತಲುಪುವಷ್ಟರಲ್ಲಿ ಭಾವನ ಮಂಜುಗಡ್ಡೆ ಕರಗಿ ಹೋಗಿತ್ತು. ಅಲ್ಲಿಂದ ಮುಂದಿನ ಬಂಡೆಗಳ ದಾರಿಯಲ್ಲಿ ಇಬ್ಬರಿಗೂ ಮಾತು ಕಡಿಮೆ.

ಸಂಜೆ ಗೋಕರ್ಣದ ಚಹದಂಗಡಿಯಲ್ಲಿ ಭಾವ ಫ್ಲಾಸ್ಕಿಗೆ ಕುದಿಯುವ ನೀರು ಹಾಕಿಸಿ ಮುಚ್ಚಳ ಬಿಗಿದ. ಸರಿಯಿದ್ದ ಫ್ಲಾಸ್ಕಿನ ಹೊರಮೈ ತಣ್ಣಗೇ ಉಳಿಯುತ್ತದೆ. ಇದನ್ನು ಐದು ನಿಮಿಷದ ನಂತರ ಹಿಡಿದವನೇ ಮೇಜಿನ ಮೇಲೆ ಕುಕ್ಕಿದ.

"ರಿಪೇರಿ ಆಗುವುದಿಲ್ಲವೇ?" ಎಂದ ಅಂಗಡಿಯವರಿಗೆ, "ನಿರ್ವಾತ ಮತ್ತೆ ತುಂಬಿಸುವ ಅಂಗಡಿ ಎಲ್ಲಿದೆ ಮಾರಾಯರೇ? ಇನ್ನು ಇದು ತೋಟಕ್ಕೆ ಬಾವಿ ನೀರು ಒಯ್ಯಲಿಕ್ಕೆ" ಎಂದು ಭಾವ ಎರಡು ಚಹಾ ಹೇಳಿದ.